ಕ್ಯೂಆರ್ ಕೋಡ್ ಇದೆ ಎಂದ ಮಾತ್ರಕ್ಕೆ ಪ್ರಮಾಣಪತ್ರ ಅಸಲಿಯೇ? ಉದ್ಯಮಬಾಗದಿಂದ ಬಂದ ಪ್ರಶ್ನೆ

[ಪರದೆ: ಮೇಜಿನ ಮೇಲೆ ಅಕ್ಕಪಕ್ಕ ಎರಡು ಪ್ರಮಾಣಪತ್ರಗಳು. ಹೆಸರುಗಳು ಬೇರೆ, ಕ್ಯೂಆರ್ ಕೋಡ್ ಒಂದೇ.]

ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ಮಷಿನ್ ಶಾಪ್ ನಡೆಸುವ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದಾರೆ. ಸಿಎನ್‌ಸಿ ಆಪರೇಟರ್ ಕೆಲಸಕ್ಕೆ ಬಂದ ಇಬ್ಬರು ಹುಡುಗರ ಕೈಯಲ್ಲಿ ಒಂದೇ ತರಬೇತಿ ಸಂಸ್ಥೆಯ ಪ್ರಮಾಣಪತ್ರ ಇತ್ತಂತೆ. ಎರಡನ್ನೂ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಹಸಿರು ಟಿಕ್ ಬಂತು, ‘ಪ್ರಮಾಣಪತ್ರ ಮಾನ್ಯವಾಗಿದೆ’ ಎಂಬ ಸಾಲೂ ಬಂತು. ಒಬ್ಬ ಯಂತ್ರದ ಮುಂದೆ ನಿಂತು ಟೂಲ್ ಆಫ್‌ಸೆಟ್ ಸರಿಯಾಗಿ ಹಾಕಿದ. ಇನ್ನೊಬ್ಬನಿಗೆ ಆ ಮಾತೇ ತಿಳಿದಿರಲಿಲ್ಲ. ‘ಕೋಡ್ ಸರಿ ಇದ್ದ ಮೇಲೆ ಪತ್ರ ನಕಲಿ ಹೇಗಾಗುತ್ತದೆ?’ ಎಂಬುದು ಅವರ ಪ್ರಶ್ನೆ.

ಉತ್ತರ ಚಿಕ್ಕದು. ಕ್ಯೂಆರ್ ಕೋಡ್ ಎಂದರೆ ಮುದ್ರಿಸಿದ ಅಕ್ಷರಗಳು, ಅಷ್ಟೇ. ಅದರೊಳಗೆ ಸಾಮಾನ್ಯವಾಗಿ ಒಂದು ಜಾಲತಾಣದ ವಿಳಾಸ ಇರುತ್ತದೆ. ಅಸಲಿ ಪತ್ರವನ್ನು ಝೆರಾಕ್ಸ್ ಮಾಡಿದರೆ ಕೋಡ್ ಕೂಡ ಅಚ್ಚುಕಟ್ಟಾಗಿ ಝೆರಾಕ್ಸ್ ಆಗುತ್ತದೆ. ಹೆಸರಿನ ಜಾಗದಲ್ಲಿ ಬೇರೆ ಹೆಸರು ಕೂರಿಸಿದರೆ ಕೋಡ್‌ಗೆ ಅದು ಗೊತ್ತಾಗುವುದಿಲ್ಲ. ಆ ಎರಡನೇ ಹುಡುಗನ ಪತ್ರದಲ್ಲಿ ಆಗಿದ್ದೂ ಇದೇ: ಕೋಡ್ ಅಸಲಿ, ಹೆಸರು ನಕಲಿ.

ಹಾಗಾದರೆ ನಕಲು ಮಾಡಲಾಗದ ಕೋಡ್ ಇದೆಯೇ? ಕಾಗದದ ಮೇಲೆ ಅಂಥದ್ದೊಂದು ಇಲ್ಲ. ಹೋಲೋಗ್ರಾಂ, ನೀರುಗುರುತು, ಹೊಳೆಯುವ ಶಾಯಿ ಇವೆಲ್ಲ ನಕಲಿನ ಖರ್ಚನ್ನು ಹೆಚ್ಚಿಸುತ್ತವೆ. ಆದರೆ ಅಸಲಿ ಹೋಲೋಗ್ರಾಂ ಹೇಗಿರುತ್ತದೆ ಎಂದು ಮಷಿನ್ ಶಾಪ್‌ನ ಸೂಪರ್‌ವೈಸರ್‌ಗೆ ತಿಳಿದಿರುವುದಿಲ್ಲ. ಆದ್ದರಿಂದ ನಂಬಿಕೆಯನ್ನು ಕಾಗದದಿಂದ ತೆಗೆದು ಸಂಸ್ಥೆಯ ದಾಖಲೆಯಲ್ಲಿ ಇಡಬೇಕು.

[ಪರದೆ: ಪಹಣಿಯ ಮಾದರಿ]

ನಮ್ಮ ಕಡೆಯ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಪಹಣಿಯ ಪ್ರತಿ ಹಿಡಿದುಕೊಂಡು ಬಂದವನನ್ನು ನಂಬಿ ಬೈಲಹೊಂಗಲದಲ್ಲಿ ಯಾರಾದರೂ ಜಮೀನಿಗೆ ಮುಂಗಡ ಕೊಡುತ್ತಾರೆಯೇ? ಊರು, ಸರ್ವೆ ನಂಬರ್, ಹಿಸ್ಸಾ ಹಾಕಿ ‘ಭೂಮಿ’ಯಲ್ಲಿ ತಾವೇ ನೋಡುತ್ತಾರೆ. ಪರದೆಯ ಮೇಲೆ ಬಂದ ಖಾತೆದಾರನ ಹೆಸರನ್ನೂ ಎದುರಿಗೆ ಕುಳಿತವನ ಹೆಸರನ್ನೂ ತಾಳೆ ನೋಡುತ್ತಾರೆ, ವಿಸ್ತೀರ್ಣ ನೋಡುತ್ತಾರೆ, ಸಾಲದ ಬೋಜ ಇದೆಯೇ ಎಂದು ನೋಡುತ್ತಾರೆ. ಸರ್ವೆ ನಂಬರ್ ಗುಟ್ಟೇನಲ್ಲ, ಇಡೀ ಊರಿಗೆ ಗೊತ್ತು. ಆದರೂ ಅದನ್ನು ತಿಳಿದವನು ಜಮೀನಿನ ಒಡೆಯನಾಗುವುದಿಲ್ಲ, ಏಕೆಂದರೆ ದಾಖಲೆ ಅವನ ಕೈಯಲ್ಲಿಲ್ಲ. ಈಗ ಒಂದು ಊಹೆ ಮಾಡಿ. ‘ಭೂಮಿ’ಯಲ್ಲಿ ಸರ್ವೆ ನಂಬರ್ ಹಾಕಿದಾಗ ಒಡೆಯನ ಹೆಸರು ತೋರಿಸದೆ ‘ಈ ಸರ್ವೆ ನಂಬರ್ ಇದೆ’ ಎಂದಷ್ಟೇ ಬಂದಿದ್ದರೆ? ಯಾರ ಹೊಲವನ್ನು ಯಾರು ಬೇಕಾದರೂ ಮಾರಬಹುದಿತ್ತು. ಬರೀ ಹಸಿರು ಟಿಕ್ ತೋರಿಸುವ ಪರಿಶೀಲನೆ ಪುಟ ಮಾಡುತ್ತಿರುವುದು ಇದನ್ನೇ. ನನ್ನ ಮಟ್ಟಿಗೆ ಅಂಥ ಪುಟ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಪುಟವೇ ಇಲ್ಲದಿದ್ದರೆ ಮಾಲೀಕ ಸಂಸ್ಥೆಗೆ ಫೋನಾದರೂ ಮಾಡುತ್ತಿದ್ದ.

[ಪರದೆ: ಸರಿಯಾದ ಪರಿಶೀಲನೆ ಪುಟದ ಚಿತ್ರ]

ಹಾಗಾದರೆ ಪುಟದಲ್ಲಿ ಏನಿರಬೇಕು? ಅಭ್ಯರ್ಥಿಯ ಪೂರ್ಣ ಹೆಸರು, ಕೋರ್ಸ್, ಎಷ್ಟು ಗಂಟೆಗಳ ತರಬೇತಿ, ಮುಗಿಸಿದ ದಿನಾಂಕ, ಪತ್ರದ ಈಗಿನ ಸ್ಥಿತಿ. ಇವೆಲ್ಲದರ ಜೊತೆಗೆ ಭಾವಚಿತ್ರ ಇರಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಬೆಳಗಾವಿ ಜಿಲ್ಲೆಯಲ್ಲಿ ಪಾಟೀಲ, ದೇಸಾಯಿ ಎಂಬ ಅಡ್ಡಹೆಸರುಗಳು ಎಷ್ಟು ಮನೆಗಳಿಗಿವೆ ಎಂದು ನೆನಪಿಸಿಕೊಳ್ಳಿ. ಹೆಸರೂ ಅಡ್ಡಹೆಸರೂ ಒಂದೇ ಆಗಿರುವ ಇಬ್ಬರು ಒಂದೇ ತಾಲೂಕಿನಲ್ಲಿ ಸಿಗುವುದು ಇಲ್ಲಿ ಸಾಮಾನ್ಯ. ಅಂಥವನೊಬ್ಬನಿಗೆ ನಕಲಿ ಪತ್ರವೇ ಬೇಕಾಗಿಲ್ಲ, ಇನ್ನೊಬ್ಬನ ಅಸಲಿ ಪತ್ರದ ಪ್ರತಿಯೇ ಸಾಕು. ಅವನನ್ನು ತಡೆಯುವುದು ಫೋಟೋ ಮಾತ್ರ. ಇನ್ನೊಂದು ತೊಡಕೂ ಇದೆ: ಒಂದೇ ಹೆಸರನ್ನು ಕನ್ನಡದವರು ಒಂದು ಬಗೆಯಲ್ಲಿ, ಮರಾಠಿಯವರು ಇನ್ನೊಂದು ಬಗೆಯಲ್ಲಿ ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ. ಒಂದು ಅಕ್ಷರ ಹೆಚ್ಚುಕಡಿಮೆ ಆದರೆ ಅಸಲಿ ಹುಡುಗನ ಮೇಲೂ ಅನುಮಾನ ಬರುತ್ತದೆ. ಪ್ರವೇಶದ ದಿನವೇ ಗುರುತಿನ ಚೀಟಿಯಲ್ಲಿರುವ ಕಾಗುಣಿತವನ್ನು ಹಾಗೆಯೇ ಬರೆದುಕೊಂಡರೆ ಈ ಗೊಂದಲ ಮುಗಿಯಿತು.

ಈಗ ಕೋಡ್‌ಗೆ ಬರೋಣ. ಬಹಳಷ್ಟು ಸಂಸ್ಥೆಗಳು `CNC-2024-0041` ಎಂಬಂಥ ಸರಣಿ ಸಂಖ್ಯೆ ಕೊಡುತ್ತವೆ. 41 ಇದ್ದರೆ 40 ಕೂಡ ಇರುತ್ತದೆ, 42 ಕೂಡ ಇರುತ್ತದೆ. ಒಂದು ಪತ್ರ ಕಂಡವನಿಗೆ ಇಡೀ ತಂಡದ ಸಂಖ್ಯೆಗಳು ಸಿಕ್ಕಂತೆ. ಒಂದೊಂದನ್ನೇ ಹಾಕುತ್ತಾ ಹೋದರೆ ಎಲ್ಲ ವಿದ್ಯಾರ್ಥಿಗಳ ಹೆಸರು, ಫೋಟೋ ಅವನ ಪಾಲಾಗುತ್ತವೆ. ತನ್ನದೇ ಹೆಸರಿನವನು ಯಾರಾದರೂ ಇದ್ದಾನೆಯೇ ಎಂದೂ ಹುಡುಕಿಕೊಳ್ಳಬಹುದು. ಇಲ್ಲಿ ಸರ್ವೆ ನಂಬರ್‌ನ ದಾರಿ ಬೇಡ. ಪರಿಶೀಲನೆ ಕೋಡ್ ಯಾರೂ ಊಹಿಸಲಾಗದಂತಿರಬೇಕು. ಸಂಸ್ಥೆಯ ಒಳಗಿನ ಲೆಕ್ಕಕ್ಕೆ ಸರಣಿ ಸಂಖ್ಯೆಯನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಪೈಥಾನ್‌ನಲ್ಲಿ ಇದಕ್ಕೆ ಮೂರು ಸಾಲು ಸಾಕು:

```python
import secrets
A = "0123456789ABCDEFGHJKMNPQRSTVWXYZ"
code = "".join(secrets.choice(A) for _ in range(10))
```

[ಪರದೆ: `7KQ4MX9T2B`]

ಈ 32 ಅಕ್ಷರಗಳ ಪಟ್ಟಿಯಲ್ಲಿ `I`, `L`, `O`, `U` ಇಲ್ಲ. ಮಸುಕಾದ ಝೆರಾಕ್ಸ್‌ನಲ್ಲಿ `O` ಮತ್ತು ಸೊನ್ನೆ ಒಂದೇ ರೀತಿ ಕಾಣುತ್ತವೆ, `I` ಮತ್ತು ಒಂದು ಕೂಡ ಹಾಗೆಯೇ. ಯಾರಾದರೂ `O` ಎಂದು ಟೈಪ್ ಮಾಡಿದರೆ ಪುಟವೇ ಅದನ್ನು ಸೊನ್ನೆ ಎಂದು ತೆಗೆದುಕೊಳ್ಳಲಿ. `random` ಎಂಬ ಇನ್ನೊಂದು ಮಾಡ್ಯೂಲ್ ಇದೆ, ಅದನ್ನು ಇಲ್ಲಿ ಬಳಸಬೇಡಿ. ಅದು ಕೊಟ್ಟ ಸಂಖ್ಯೆಗಳನ್ನು ಸಾಕಷ್ಟು ಕಂಡವನು ಮುಂದೆ ಬರುವುದನ್ನು ಲೆಕ್ಕ ಹಾಕಬಲ್ಲ. `secrets` ಇರುವುದೇ ಗುಟ್ಟಾಗಿ ಉಳಿಯಬೇಕಾದ ಕೆಲಸಗಳಿಗೆ.

ಹತ್ತು ಅಕ್ಷರ ಸಾಕೇ? ಲೆಕ್ಕ ಹಾಕೋಣ. 32ನ್ನು ಹತ್ತು ಬಾರಿ ಗುಣಿಸಿದರೆ ಹನ್ನೊಂದು ಕೋಟಿ ಕೋಟಿಗೂ ಹೆಚ್ಚು ಕೋಡ್‌ಗಳು ಆಗುತ್ತವೆ. ನಿಮ್ಮ ಸಂಸ್ಥೆ 5,000 ಪತ್ರ ಕೊಟ್ಟಿದೆ ಎನ್ನಿ. ಕಣ್ಣುಮುಚ್ಚಿ ಒಂದು ಕೋಡ್ ಹಾಕಿದರೆ ಅದು ತಗಲುವ ಸಾಧ್ಯತೆ 22,000 ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಸೆಕೆಂಡಿಗೆ ಒಂದರಂತೆ ಬಿಡದೆ ಪ್ರಯತ್ನಿಸಿದರೂ ಒಂದು ಸಿಗಲು ಸರಾಸರಿ ಏಳು ಸಾವಿರ ವರ್ಷ ಬೇಕು. ಜೊತೆಗೆ ಒಂದೇ ಕಡೆಯಿಂದ ನಿಮಿಷಕ್ಕೆ ಹತ್ತಕ್ಕಿಂತ ಹೆಚ್ಚು ಪ್ರಯತ್ನ ಬಂದರೆ ತಡೆಹಿಡಿಯಿರಿ.

ಇಷ್ಟಾದರೂ ಒಂದು ದೊಡ್ಡ ಕಳ್ಳಗಿಂಡಿ ಉಳಿದಿದೆ, ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇದೇ. ನಕಲಿ ಮಾಡುವವನು ನಿಮ್ಮ ಕೋಡ್‌ನ ತಂಟೆಗೇ ಬರುವುದಿಲ್ಲ. ನಿಮ್ಮ ವಿಳಾಸ `example.org` ಎಂದುಕೊಳ್ಳಿ. ಅವನು `example-verify.org` ಎಂಬ ವಿಳಾಸ ಕೊಂಡು, ನಿಮ್ಮದೇ ಲಾಂಛನ, ನಿಮ್ಮದೇ ಬಣ್ಣ ಹಾಕಿ ಒಂದು ಪುಟ ಕಟ್ಟುತ್ತಾನೆ. ತನ್ನ ಪತ್ರದ ಕ್ಯೂಆರ್ ಅನ್ನು ಅಲ್ಲಿಗೆ ತಿರುಗಿಸುತ್ತಾನೆ. ಸ್ಕ್ಯಾನ್ ಮಾಡಿದರೆ ಅವನ ಹೆಸರು, ಅವನ ಫೋಟೋ, ಅವನ ಅಂಕ ಎಲ್ಲವೂ ತಾಳೆಯಾಗುತ್ತವೆ. ವಿಳಾಸದ ಮೊದಲಿಗೆ `https` ಕೂಡ ಇರುತ್ತದೆ, ಏಕೆಂದರೆ ಅದು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಪರೀಕ್ಷಿಸುವವನಿಗೆ ಪರೀಕ್ಷೆಯ ದಾರಿಯನ್ನು ತೋರಿಸುತ್ತಿರುವುದೇ ಆ ಅನುಮಾನದ ಕಾಗದ, ತೊಂದರೆ ಇರುವುದು ಅಲ್ಲಿ.

ಇದಕ್ಕೆ ಉಪಾಯ ಉದ್ಯೋಗದಾತರ ಕೈಯಲ್ಲಿದೆ. ಸಂಸ್ಥೆಯ ವಿಳಾಸವನ್ನು ಕಾಗದದಿಂದ ತೆಗೆದುಕೊಳ್ಳಬಾರದು. ಉದ್ಯಮಬಾಗದ ಕಾರ್ಖಾನೆಗೆ ಹುಡುಗರನ್ನು ಕಳುಹಿಸುವ ಸಂಸ್ಥೆಗಳು ಬೆರಳೆಣಿಕೆಯಷ್ಟು ಇರಬಹುದು. ಅವುಗಳ ಪರಿಶೀಲನೆ ವಿಳಾಸಗಳನ್ನು ಒಮ್ಮೆ ಸಂಸ್ಥೆಗೇ ಕೇಳಿ ಪಡೆದು, ಕಚೇರಿಯ ಮೊಬೈಲ್‌ನಲ್ಲಿ ಬುಕ್‌ಮಾರ್ಕ್ ಮಾಡಿಕೊಳ್ಳಿ. ಪತ್ರ ಬಂದಾಗ ಬುಕ್‌ಮಾರ್ಕ್ ತೆರೆದು ಹತ್ತು ಅಕ್ಷರ ಟೈಪ್ ಮಾಡಿ. ಸ್ಕ್ಯಾನ್ ಮಾಡಲೇಬೇಕು ಎನ್ನುವವರು ಪುಟ ತೆರೆದ ಕೂಡಲೇ ಮೇಲಿನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಸಂಸ್ಥೆಯವರು ಕೂಡ ಲಾಗಿನ್, ಆ್ಯಪ್, ಒಟಿಪಿ ಎಂದು ಮಾಲೀಕನನ್ನು ಸತಾಯಿಸಬಾರದು. ಒಂದು ಖಾಲಿ ಚೌಕ, ಒಂದು ಗುಂಡಿ, ನಿಧಾನದ ನೆಟ್‌ವರ್ಕ್‌ನಲ್ಲೂ ತೆರೆಯುವ ಹಗುರವಾದ ಪುಟ, ಇಷ್ಟು ಇದ್ದರೆ ಮಾತ್ರ ಮಾಲೀಕ ನಿಜಕ್ಕೂ ಪರಿಶೀಲಿಸುತ್ತಾನೆ.

‘ಆಧಾರ್‌ನಲ್ಲಿರುವಂತೆ ಡಿಜಿಟಲ್ ಸಹಿ ಇರುವ ಕ್ಯೂಆರ್ ಹಾಕಬಾರದೇ?’ ಎಂದು ಕೆಲವರು ಕೇಳುತ್ತೀರಿ. ಹಾಕಬಹುದು. ಅದರಲ್ಲಿ ಹೆಸರು, ಕೋರ್ಸ್ ಎಲ್ಲವೂ ಕೋಡ್‌ನೊಳಗೇ ಇದ್ದು, ಸಂಸ್ಥೆಯ ಗುಪ್ತ ಕೀಲಿಯಿಂದ ಸಹಿ ಆಗಿರುತ್ತದೆ. ಒಂದು ಅಕ್ಷರ ಬದಲಾಯಿಸಿದರೂ ಸಹಿ ಕೆಡುತ್ತದೆ, ಇಂಟರ್‌ನೆಟ್ ಇಲ್ಲದೆಯೂ ಪರೀಕ್ಷಿಸಬಹುದು. ಆದರೆ ಆ ಸಹಿಯನ್ನು ಓದಲು ಮಾಲೀಕನ ಬಳಿ ನಿಮ್ಮ ಆ್ಯಪ್ ಇರಬೇಕು, ಪತ್ರ ರದ್ದಾದರೆ ಇಂಟರ್‌ನೆಟ್ ಇಲ್ಲದೆ ತಿಳಿಯುವುದಿಲ್ಲ, ಮತ್ತು ಸಹಿ ಇರುವ ಕೋಡ್ ಕೂಡ ಝೆರಾಕ್ಸ್ ಆಗುತ್ತದೆ. ಒಳಗಿನ ಹೆಸರನ್ನು ಎದುರಿಗಿರುವ ಮನುಷ್ಯನೊಂದಿಗೆ ತಾಳೆ ನೋಡುವ ಕೆಲಸ ಅಲ್ಲೂ ತಪ್ಪುವುದಿಲ್ಲ. ಸಣ್ಣ ಸಂಸ್ಥೆಗೆ ಮೊದಲು ಹೇಳಿದ ದಾರಿಯೇ ಸಾಕು ಎಂಬುದು ನನ್ನ ಅಭಿಪ್ರಾಯ.

[ಪರದೆ: ‘ಇನ್ನೂ ಕೆಲವು ಮಾತು’]

ಸಮಯ ಮೀರುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪುಟದಲ್ಲಿ ಆಧಾರ್ ಸಂಖ್ಯೆ, ಫೋನ್ ನಂಬರ್, ಜನ್ಮದಿನಾಂಕ ಹಾಕಬೇಡಿ. ಹೆಸರು ಹಾಕಿ ಹುಡುಕುವ ಸೌಲಭ್ಯವನ್ನೂ ಕೊಡಬೇಡಿ. ಫೋಟೋ ತೋರಿಸಲು ಪ್ರವೇಶದ ಅರ್ಜಿಯಲ್ಲೇ ವಿದ್ಯಾರ್ಥಿಯ ಒಪ್ಪಿಗೆ ಪಡೆಯಿರಿ. ಪತ್ರ ರದ್ದಾದರೆ ದಾಖಲೆಯನ್ನು ಅಳಿಸದೆ ‘ರದ್ದಾಗಿದೆ’ ಎಂದು ದಿನಾಂಕದೊಂದಿಗೆ ತೋರಿಸಿ. ಕೋಡ್ ಸಿಗದಿದ್ದಾಗ ‘ನಕಲಿ’ ಎಂದು ಹಣೆಪಟ್ಟಿ ಹಚ್ಚಬೇಡಿ. ‘ಈ ಕೋಡ್ ನಮ್ಮ ದಾಖಲೆಯಲ್ಲಿಲ್ಲ, ಮತ್ತೊಮ್ಮೆ ನೋಡಿ ಟೈಪ್ ಮಾಡಿ, ಇಲ್ಲವೇ ಕರೆ ಮಾಡಿ’ ಎಂದಿರಲಿ. ದಾಖಲೆ ಸೇರಿಸುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು ಆಗಿರಲಿ, ಯಾರು ಯಾವಾಗ ಏನು ಬದಲಿಸಿದರು ಎಂಬುದು ದಾಖಲಾಗಲಿ. ಕಚೇರಿಯ ಒಳಗಿನವನೇ ಹಣ ಪಡೆದು ಹೆಸರು ಸೇರಿಸಿದರೆ ಹೊರಗಿನ ಯಾವ ಪರೀಕ್ಷೆಯೂ ಅದನ್ನು ಹಿಡಿಯುವುದಿಲ್ಲ.

ಇನ್ನು ಜಾಲತಾಣದ ವಿಳಾಸ. ಅದರ ನವೀಕರಣ ತಪ್ಪಿದರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಆಗ ನೀವು ಅಲ್ಲಿಯವರೆಗೆ ಕೊಟ್ಟ ಎಲ್ಲ ಪತ್ರಗಳ ಕ್ಯೂಆರ್ ಆ ಅಪರಿಚಿತನ ಪುಟಕ್ಕೆ ಹೋಗುತ್ತದೆ. `.in` ವಿಳಾಸವನ್ನು ಒಂದೇ ಬಾರಿಗೆ ಹತ್ತು ವರ್ಷಕ್ಕೆ ಕೊಳ್ಳಲು ಅವಕಾಶವಿದೆ, ಹಾಗೆಯೇ ಮಾಡಿ. ಉಚಿತವಾಗಿ ಕ್ಯೂಆರ್ ಮಾಡಿಕೊಡುವ ಕೆಲವು ತಾಣಗಳು ಕೋಡ್‌ನೊಳಗೆ ನಿಮ್ಮ ವಿಳಾಸದ ಬದಲು ತಮ್ಮ ವಿಳಾಸ ಇಟ್ಟು, ಅಲ್ಲಿಂದ ನಿಮ್ಮಲ್ಲಿಗೆ ತಿರುಗಿಸುತ್ತವೆ. ಅವರು ಚಂದಾ ಕೇಳಿದ ದಿನ ನಿಮ್ಮ ಪತ್ರಗಳ ಕೋಡ್ ಸತ್ತಂತೆ. ಮುದ್ರಣಕ್ಕೆ ಕೊಡುವ ಮೊದಲು ಒಂದು ಮಾದರಿ ಪ್ರತಿಯನ್ನು ಸ್ಕ್ಯಾನ್ ಮಾಡಿ, ಪುಟ ತೆರೆಯುವುದಕ್ಕೆ ಮುಂಚೆ ಮೊಬೈಲ್ ತೋರಿಸುವ ವಿಳಾಸವನ್ನು ಓದಿ. ಅದು ನಿಮ್ಮದೇ ವಿಳಾಸದಿಂದ ಶುರುವಾಗದಿದ್ದರೆ ಆ ಕೋಡ್ ಅನ್ನು ಮುದ್ರಿಸಬೇಡಿ.