ಜೇಬಿನಲ್ಲೇ ತಿಳಿಯುವ ಕರೆ

ಎಲ್ಲರಿಗೂ ನಮಸ್ಕಾರ. ವೇದಿಕೆಯ ಬಲಗಡೆ ಸನ್ನೆ ಭಾಷೆಯ ಅನುವಾದಕರು ನಿಂತಿದ್ದಾರೆ. ನನ್ನ ಮಾತು ಓಡತೊಡಗಿದರೆ ಅವರು ಕೈ ಎತ್ತುತ್ತಾರೆ, ನಾನು ನಿಲ್ಲಿಸುತ್ತೇನೆ. ಹಾಗಂತ ಒಪ್ಪಂದ ಆಗಿದೆ.

ಕಿವಿ ಕೇಳದವರು ಹೊಸ ಫೋನ್ ಕೊಂಡ ದಿನ ಸುತ್ತಲಿನವರೆಲ್ಲ ಕೊಡುವ ಸಲಹೆ ಒಂದೇ: ಫ್ಲ್ಯಾಶ್ ಆನ್ ಮಾಡಿಕೊಳ್ಳಿ, ಕರೆ ಬಂದಾಗ ದೀಪ ಮಿನುಗುತ್ತೆ. ಸಲಹೆ ತಪ್ಪಲ್ಲ, ಆದರೆ ಅರ್ಧ. ಆ ದೀಪ ಇರುವುದು ಫೋನಿನ ಬೆನ್ನಿಗೆ. ಫೋನ್ ಬೋರಲಾಗಿ ಮಲಗಿರಬೇಕು, ನಿಮ್ಮ ಕಣ್ಣಳತೆಯಲ್ಲಿ ಇರಬೇಕು, ಕೋಣೆಯಲ್ಲಿ ಬಿಸಿಲು ಜೋರಾಗಿ ಇರಬಾರದು. ಜೇಬಿನಲ್ಲಿದ್ದರೆ ಅದು ಬೆಳಗುವುದು ಜೇಬಿನ ಬಟ್ಟೆಯನ್ನು ಮಾತ್ರ. ಇಷ್ಟೆಲ್ಲ ಕೂಡಿಬಂದರೂ ದೀಪ ಹೇಳುವುದು ಏನೋ ಬಂತು ಎಂದಷ್ಟೇ. ಯಾರಿಂದ ಎಂದು ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಕಂಪನ. ಹಾಗಾಗಿ ಇವತ್ತು ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಮೊದಲು ಕಂಪನ, ಆಮೇಲೆ ಬೆಳಕು.

ಕಂಪನ ಎಲ್ಲಿಂದ ಹುಟ್ಟುತ್ತದೆ ಎಂದು ಸ್ವಲ್ಪ ನೋಡೋಣ. ಅದು ಗೊತ್ತಿಲ್ಲದೆ ಒಬ್ಬೊಬ್ಬರಿಗೆ ಒಂದೊಂದು ಕಂಪನದ ಮಾದರಿ ಮಾಡಲು ಹೊರಟರೆ ಶ್ರಮ ವ್ಯರ್ಥ. ಫೋನುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಮೋಟಾರು ಬರುತ್ತವೆ. ಒಂದರಲ್ಲಿ ನಡುಬಿಟ್ಟು ಒಂದು ಬದಿಗೆ ಕೂರಿಸಿದ ಸಣ್ಣ ತೂಕ ಗಿರಗಿರನೆ ತಿರುಗುತ್ತದೆ. ಇನ್ನೊಂದರಲ್ಲಿ ಸ್ಪ್ರಿಂಗಿಗೆ ಕಟ್ಟಿದ ತೂಕ ಹಿಂದೆ ಮುಂದೆ ಓಡಾಡುತ್ತದೆ. ತಿರುಗುವ ಬಗೆಯದು ಅಗ್ಗ, ಆದರೆ ನಿಧಾನಿ. ವೇಗ ಹಿಡಿಯಲು ಅದಕ್ಕೆ ಸುಮಾರು 50ರಿಂದ 100 ಮಿಲಿಸೆಕೆಂಡು ಬೇಕು, ನಿಲ್ಲಲೂ ಸಮಯ ಬೇಕು. ಅಂಥ ಫೋನಿಗೆ 80 ಮಿಲಿಸೆಕೆಂಡಿನ ಚುಟುಕು ಮಿಡಿತ ಕೊಟ್ಟರೆ ಅದು ಏಳುವ ಮೊದಲೇ ಮಲಗುತ್ತದೆ. ಎರಡು ಮಿಡಿತಗಳ ನಡುವೆ 80 ಮಿಲಿಸೆಕೆಂಡು ಅಂತರ ಬಿಟ್ಟರೆ ಮೊದಲನೆಯದು ನಿಲ್ಲುವಷ್ಟರಲ್ಲಿ ಎರಡನೆಯದು ಶುರು, ಎರಡೂ ಸೇರಿ ಒಂದೇ ಗುಂಯ್ ಆಗುತ್ತದೆ. ಸ್ಪ್ರಿಂಗಿನ ಮೋಟಾರು ಇದಕ್ಕಿಂತ ಚುರುಕು. ಆದರೆ ನಿಮ್ಮ ಫೋನಿನಲ್ಲಿ ಯಾವುದಿದೆ ಎಂದು ಹುಡುಕುತ್ತ ಕೂರಬೇಡಿ. ಚಿಕ್ಕ ಮಿಡಿತಕ್ಕೆ 200, ದೊಡ್ಡದಕ್ಕೆ 600, ನಡುವಿನ ಅಂತರಕ್ಕೆ 200 ಮಿಲಿಸೆಕೆಂಡು ಇಟ್ಟುಕೊಳ್ಳಿ, ಎರಡರಲ್ಲೂ ನಡೆಯುತ್ತದೆ.

ಈಗ ಒಂದು ಸಂದರ್ಭ ತೆಗೆದುಕೊಳ್ಳೋಣ. ಕಿವಿ ಕೇಳದ ತಾಯಿ ಒಬ್ಬರಿದ್ದಾರೆ ಅಂತಿಟ್ಟುಕೊಳ್ಳಿ. ಮಗಳು ವಿಡಿಯೊ ಕರೆ ಮಾಡಿ ಸನ್ನೆಯಲ್ಲಿ ಮಾತಾಡುತ್ತಾಳೆ. ಕೆಲಸದ ಜಾಗದಿಂದ ಕರೆ, ಸಂದೇಶ ಬರುತ್ತವೆ. ಉಳಿದದ್ದು ಊರ ಮಂದಿಯದು. ಫೋನ್ ಸೊಂಟದ ಚೀಲದಲ್ಲಿದೆ. ತೆಗೆಯದೆಯೇ ಮಗಳದು ಯಾವುದು, ಕೆಲಸದ್ದು ಯಾವುದು ಎಂದು ತಿಳಿಯಬೇಕು.

ಮೊದಲಿಗೆ ಎಲ್ಲರಿಗೂ ಹೊಳೆಯುವುದು ಎಣಿಕೆ. ಮಗಳಿಗೆ ಮೂರು ಮಿಡಿತ, ಕೆಲಸಕ್ಕೆ ನಾಲ್ಕು. ಕುರ್ಚಿಯಲ್ಲಿ ಕೂತು ಫೋನ್ ಅಂಗೈಯಲ್ಲಿಟ್ಟು ನೋಡಿದರೆ ಚೆನ್ನಾಗಿಯೇ ಇರುತ್ತದೆ. ಎದ್ದು ನಡೆದಾಗ ಕೆಡುತ್ತದೆ. ಕಾರಣ ಸರಳ: ಮೊದಲ ಮಿಡಿತ ಯಾವಾಗಲೂ ಪೋಲು. ಅದು ನಿಮ್ಮ ಗಮನವನ್ನು ಕರೆಯುವುದರಲ್ಲೇ ಮುಗಿದಿರುತ್ತದೆ, ಎಣಿಕೆ ಶುರುವಾಗುವುದು ಎರಡನೆಯದರಿಂದ. ನಾಲ್ಕು ಮೂರಾಗುತ್ತದೆ, ಅಧಿಕಾರಿಯ ಕರೆಗೆ ತಾಯಿ ಮುಗುಳ್ನಗುತ್ತ ಫೋನ್ ತೆಗೆಯುತ್ತಾರೆ. ಅಧಿಕಾರಿಗೇನೋ ಖುಷಿಯಾದೀತು ಬಿಡಿ.

ಹಾಗಾಗಿ ಎಣಿಕೆ ಬೇಡ, ಲಯ ಬೇಕು. ಮಗಳಿಗೆ ಒಂದು ದೊಡ್ಡದು, ಎರಡು ಚಿಕ್ಕದು. ಕೆಲಸಕ್ಕೆ ಎರಡು ದೊಡ್ಡದು. ಉಳಿದವರಿಗೆ ಫೋನಿನಲ್ಲಿ ಮೊದಲಿಂದ ಇರುವುದೇ ಸಾಕು. ಜೋರು, ಮೆಲ್ಲಗೆ ಎಂಬ ವ್ಯತ್ಯಾಸವನ್ನು ನೆಚ್ಚಿಕೊಳ್ಳಬೇಡಿ. ದಪ್ಪ ಬಟ್ಟೆಯೊಳಗೆ ಜೋರೂ ಮೆಲ್ಲಗಾಗುತ್ತದೆ, ಲಯ ಮಾತ್ರ ಹಾಗೇ ಉಳಿಯುತ್ತದೆ. ಮೂರು ಮಾದರಿ ಸಾಕು. ಹತ್ತು ಮಾಡಿಕೊಂಡವರು ಕೊನೆಗೆ ಪ್ರತಿ ಸಲವೂ ಫೋನ್ ತೆಗೆದೇ ನೋಡುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಕರೆ ಬಂದಾಗ ಮಾದರಿ ಸುತ್ತಿ ಸುತ್ತಿ ಬರುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಸಾಕಷ್ಟು ಬಿಡುವು ಇಲ್ಲದಿದ್ದರೆ ದೊಡ್ಡದು-ಚಿಕ್ಕದು-ಚಿಕ್ಕದು ಎನ್ನುವುದು ಚಿಕ್ಕದು-ಚಿಕ್ಕದು-ದೊಡ್ಡದು ಎಂದೂ ಅನ್ನಿಸುತ್ತದೆ. ಎಲ್ಲಿ ಶುರು, ಎಲ್ಲಿ ಕೊನೆ ಎಂದು ಚರ್ಮಕ್ಕೆ ಗೊತ್ತಾಗುವುದಿಲ್ಲ. ಒಳಗಿನ ಅಂತರ 200 ಮಿಲಿಸೆಕೆಂಡು ಇದ್ದರೆ ಸುತ್ತುಗಳ ನಡುವಿನ ಬಿಡುವು ಒಂದು ಪೂರ್ತಿ ಸೆಕೆಂಡು ಇರಲಿ. ಆಗ ಮೊದಲ ಸುತ್ತು ಅರ್ಧ ತಪ್ಪಿಹೋದರೂ ಎರಡನೆಯ ಸುತ್ತು ಪೂರ್ತಿ ಸಿಗುತ್ತದೆ.

ಐಫೋನಿನಲ್ಲಿ ಇದನ್ನು ಬೆರಳಿನಿಂದಲೇ ಬರೆಯಬಹುದು. 2011ರ ಐಒಎಸ್ 5ರಿಂದಲೂ ಈ ಸೌಲಭ್ಯ ಇದೆ. ಸಂಪರ್ಕಪಟ್ಟಿಯಲ್ಲಿ ಮಗಳ ಹೆಸರು ತೆರೆದು `Edit` ಒತ್ತಿ, `Ringtone` ಒಳಗೆ ಹೋಗಿ. ಅಲ್ಲಿ `Haptics` ಎಂದಿರುತ್ತದೆ, ಹಳೆಯ ಆವೃತ್ತಿಯಲ್ಲಿ `Vibration`. ಅದರೊಳಗೆ `Create New Vibration`. ಖಾಲಿ ಪರದೆ ಬರುತ್ತದೆ. ಬೆರಳು ಒತ್ತಿ ಹಿಡಿದಷ್ಟು ಹೊತ್ತು ಮಿಡಿತ, ಎತ್ತಿದಷ್ಟು ಹೊತ್ತು ಮೌನ. ಒಮ್ಮೆ ಉದ್ದಕ್ಕೆ ಒತ್ತಿ, ಎರಡು ಸಲ ಚುಟುಕಾಗಿ ತಟ್ಟಿ, ಒಂದು ಸೆಕೆಂಡು ಸುಮ್ಮನಿದ್ದು `Stop` ಒತ್ತಿ. `Play` ಮಾಡಿ ನೋಡಿ, ಹೆಸರು ಕೊಟ್ಟು `Save` ಮಾಡಿ. ಆಮೇಲೆ ಮಗಳಿಂದ ನಿಜವಾದ ಕರೆ ಮಾಡಿಸಿ, ಫೋನನ್ನು ಅದರ ಕವಚದ ಸಮೇತ ಚೀಲದಲ್ಲಿಟ್ಟು ನಡೆಯುತ್ತ ಪರೀಕ್ಷಿಸಿ. ಅಂಗೈಯ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಈ ಮಾದರಿ ಮಾಮೂಲಿ ಕರೆಗೆ ಮತ್ತು ಫೇಸ್‌ಟೈಮ್ ಕರೆಗೆ ಬರುತ್ತದೆ. ಬೇರೆ ಆ್ಯಪ್‌ಗಳ ವಿಡಿಯೊ ಕರೆಗೂ ಬಂದೇ ಬರುತ್ತದೆ ಎಂದು ನಂಬಿ ಕೂರಬೇಡಿ. ಅದಕ್ಕೊಂದು ಉಪಾಯ ಇದೆ: ಮಗಳು ಮೊದಲು ಮಾಮೂಲಿ ಕರೆ ಮಾಡಿ ಎರಡು ಸುತ್ತು ಆಗುವಷ್ಟು ಹೊತ್ತು ಬಿಟ್ಟು ಕಡಿಯಲಿ, ಆಮೇಲೆ ವಿಡಿಯೊ ಕರೆ ಮಾಡಲಿ. ಹಳೆಯ ಮಿಸ್ಡ್ ಕಾಲ್ ವಿದ್ಯೆ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಆಂಡ್ರಾಯ್ಡ್ ಬಗ್ಗೆ ಕೇಳಿದರೆ, ಯಾವ ಕಂಪನಿಯ ಫೋನು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕಂಪನ ಇಡುವ ಅವಕಾಶ ಎಲ್ಲ ಫೋನುಗಳಲ್ಲೂ ಇಲ್ಲ. ಆದರೆ ವಾಟ್ಸಾಪ್ ಒಳಗೆ ಒಂದು ದಾರಿ ಇದೆ. ಮಗಳ ಚಾಟ್‌ನ ಮಾಹಿತಿ ಪುಟದಲ್ಲಿ `Custom notifications` ತೆರೆದರೆ ಸಂದೇಶಕ್ಕೆ ಬೇರೆ, ಕರೆಗೆ ಬೇರೆ ಕಂಪನ ಆರಿಸಬಹುದು. ಆಯ್ಕೆ ಇರುವುದು `Off`, `Default`, `Short`, `Long` ಇಷ್ಟೇ. ನಮ್ಮ ತಾಯಿ ಮಗಳಿಗೆ `Long`, ಉಳಿದವರಿಗೆಲ್ಲ `Short` ಇಟ್ಟುಕೊಂಡರೆ ಕೆಲಸ ಸಾಗುತ್ತದೆ. ಸೊಗಸಿಲ್ಲ, ಆದರೆ ಮಗಳು ತಪ್ಪುವುದಿಲ್ಲ.

ಸಭೆಯಲ್ಲಿ ಆ್ಯಪ್ ಬರೆಯುವವರೂ ಇದ್ದೀರಿ, ನಿಮಗಾಗಿ ಎರಡು ನಿಮಿಷ. 2017ರ ಆಂಡ್ರಾಯ್ಡ್ 8ರಿಂದ ಸೂಚನೆಗಳೆಲ್ಲ ಚಾನೆಲ್‌ಗಳ ಮೂಲಕ ಬರುತ್ತವೆ. ಕಂಪನದ ಮಾದರಿ ಇರುವುದು ಚಾನೆಲ್‌ನಲ್ಲಿ:

```
channel.vibrationPattern =
    longArrayOf(0, 600, 200, 200, 200, 200)
```

ಮೊದಲ ಅಂಕಿ ಶುರುವಾಗುವ ಮುನ್ನ ಕಾಯಬೇಕಾದ ಹೊತ್ತು. ಆಮೇಲೆ ಮಿಡಿತ, ಮೌನ, ಮಿಡಿತ, ಹೀಗೆ ಸರದಿ. ಆ ಸೊನ್ನೆ ಮರೆತರೆ ಇಡೀ ಮಾದರಿ ತಲೆಕೆಳಗು: ಮಿಡಿತವೆಲ್ಲ ಮೌನ, ಮೌನವೆಲ್ಲ ಮಿಡಿತ. ಇನ್ನೊಂದು ಹಳ್ಳ ಇದಕ್ಕಿಂತ ಆಳ. ಚಾನೆಲ್ ಒಮ್ಮೆ ಸೃಷ್ಟಿಯಾದ ಮೇಲೆ ಅದರ ಕಂಪನ ಬಳಕೆದಾರರ ಕೈಗೆ ಹೋಗುತ್ತದೆ. ನೀವು ಕೋಡ್‌ನಲ್ಲಿ ಅಂಕಿ ಬದಲಿಸಿದರೂ ಹಳೆಯದೇ ಮಿಡಿಯುತ್ತದೆ. ಚಾನೆಲ್ ಅಳಿಸಿ ಅದೇ ಐಡಿ ಕೊಟ್ಟು ಮತ್ತೆ ಮಾಡಿದರೂ ಹಳೆಯ ಸೆಟ್ಟಿಂಗೇ ಎದ್ದು ಬರುತ್ತದೆ. ಹೊಸ ಮಾದರಿ ಬೇಕೆಂದರೆ ಹೊಸ ಐಡಿ ಕೊಡಿ. ತುರ್ತು ಸೂಚನೆಗೂ ರಿಯಾಯಿತಿಯ ಜಾಹೀರಾತಿಗೂ ಒಂದೇ ಚಾನೆಲ್ ಇಡುವವರಿಗೆ ನಾನು ಏನೂ ಹೇಳುವುದಿಲ್ಲ, ಅನುವಾದಕರು ಅದನ್ನು ಸನ್ನೆಯಲ್ಲಿ ತೋರಿಸುವುದು ಕಷ್ಟ.

ಈಗ ಬೆಳಕು. ನೆನಪಿದೆಯಲ್ಲ, ಮೊದಲು ಕಂಪನ, ಆಮೇಲೆ ಬೆಳಕು. ಐಫೋನಿನಲ್ಲಿ `Settings > Accessibility > Audio & Visual` ಒಳಗೆ `LED Flash for Alerts` ಇದೆ. ಆವೃತ್ತಿಯಿಂದ ಆವೃತ್ತಿಗೆ ಹೆಸರು ಕೊಂಚ ಬದಲಾಗುತ್ತದೆ. ಅದರ ಕೆಳಗೆ `Flash in Silent Mode` ಮತ್ತು `Flash While Unlocked` ಇದ್ದರೆ ಎರಡನ್ನೂ ಆನ್ ಮಾಡಿ. ಬಹಳಷ್ಟು ಮಂದಿ ಫೋನನ್ನು ಸೈಲೆಂಟ್‌ನಲ್ಲೇ ಇಡುತ್ತಾರೆ, ಹಾಗಾಗಿ ಮೊದಲನೆಯದು ಮರೆತರೆ ದೀಪವೇ ಇಲ್ಲ. ಆಂಡ್ರಾಯ್ಡ್‌ನಲ್ಲಿ 2023ರ 14ನೇ ಆವೃತ್ತಿಯಿಂದ `Settings > Accessibility > Flash notifications` ಬಂದಿದೆ. ಅಲ್ಲಿ ಕ್ಯಾಮೆರಾ ದೀಪ ಒಂದು, ಪರದೆಯೇ ಬಣ್ಣ ತುಂಬಿ ಮಿನುಗುವುದು ಇನ್ನೊಂದು. ಎರಡನ್ನೂ ಆನ್ ಮಾಡಿದರೆ ಫೋನ್ ಬೋರಲಿದ್ದರೂ ಮೇಲ್ಮುಖವಾಗಿದ್ದರೂ ಕಾಣುತ್ತದೆ. ಈ ಸೌಲಭ್ಯ ಇರುವ ಫೋನಿಗೆ ಹೊರಗಿನ ಫ್ಲ್ಯಾಶ್ ಆ್ಯಪ್ ಹಾಕಬೇಡಿ. ಅಂಥ ಆ್ಯಪ್ ನಿಮ್ಮ ಸೂಚನೆಗಳನ್ನೆಲ್ಲ ಓದುವ ಅನುಮತಿ ಕೇಳುತ್ತದೆ, ಕೊಟ್ಟರೂ ಬ್ಯಾಟರಿ ಉಳಿಸುವ ವ್ಯವಸ್ಥೆ ಅದನ್ನು ಹಿನ್ನೆಲೆಯಲ್ಲಿ ಮುಚ್ಚಿಬಿಡುತ್ತದೆ. ಎರಡು ದಿನ ಮಿನುಗಿ ಮೂರನೆಯ ದಿನ ನಿಂತಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ದೀಪ ಮಿನುಗದಿದ್ದರೆ ಮೊದಲು ನೋಡಬೇಕಾದ್ದು ಡು ನಾಟ್ ಡಿಸ್ಟರ್ಬ್, ಐಫೋನಿನಲ್ಲಾದರೆ ಫೋಕಸ್. ಆಮೇಲೆ ಕೈಗಡಿಯಾರ. ಆ್ಯಪಲ್ ವಾಚ್ ಕಟ್ಟಿಕೊಂಡಿದ್ದು ಫೋನ್ ಲಾಕ್ ಆಗಿದ್ದರೆ ಸಂದೇಶದ ಸೂಚನೆ ವಾಚಿಗೆ ಹೋಗುತ್ತದೆ, ಫೋನ್ ಸುಮ್ಮನಿರುತ್ತದೆ. ಅದು ದೋಷವಲ್ಲ. ಮಣಿಕಟ್ಟಿನ ಮಿಡಿತ ದೀಪಕ್ಕಿಂತ ಮೇಲು, ನಾನು ಹೇಳುತ್ತಿರುವುದೂ ಅದನ್ನೇ.

ಸಮಯ ಮುಗಿಯುತ್ತ ಬಂತು ಅಂತ ಚೀಟಿ ಬಂದಿದೆ. ಮಿನುಗುವ ವೇಗದ ಬಗ್ಗೆ ಒಂದು ಮಾತು. ಬೆಳಕಿನಿಂದ ಮೂರ್ಛೆ ಬರುವವರು ಮನೆಯಲ್ಲಿದ್ದರೆ, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ಯಾವುದನ್ನೂ ಇಡಬೇಡಿ, ಪರದೆಯ ಮಿನುಗಿಗೆ ಕಡುಕೆಂಪು ಆರಿಸಬೇಡಿ.

ರಾತ್ರಿಯ ವಿಷಯ ವಿವರವಾಗಿ ಹೇಳಬೇಕೆಂದಿದ್ದೆ, ಆಗುವುದಿಲ್ಲ. ಚುಟುಕಾಗಿ ಹೇಳುತ್ತೇನೆ: ದಿಂಬಿನ ಕೆಳಗಿನ ಫೋನನ್ನು ಅಲಾರಂ ಎಂದು ನೆಚ್ಚಬೇಡಿ. ಹಾಸಿಗೆಯ ಮೆತ್ತೆ ಕಂಪನವನ್ನು ನುಂಗುತ್ತದೆ, ದಿಂಬಿನಡಿ ಚಾರ್ಜಿಗೆ ಹಾಕಿದರೆ ಫೋನ್ ಬಿಸಿಯಾಗುತ್ತದೆ. ಮುಚ್ಚಿದ ಕಣ್ಣಿಗೆ ಫೋನಿನ ಪುಟ್ಟ ದೀಪ ಸಾಲದು. ಹಾಸಿಗೆಯನ್ನೇ ಅಲುಗಾಡಿಸುವ ಬೆಡ್ ಶೇಕರ್ ಎಂಬ ಸಾಧನ ಬೇರೆಯೇ ಸಿಗುತ್ತದೆ, ಅದನ್ನು ಹಾಸಿಗೆಯ ಕೆಳಗಿಡಿ. ಹೊಗೆ ಎಚ್ಚರಿಕೆಗೂ ಅಂಥದ್ದೇ ಬೇಕು. ಫೋನಿನಲ್ಲಿ ಶಬ್ದ ಗುರುತಿಸುವ ಸೌಲಭ್ಯ ಇದೆಯಲ್ಲ ಎನ್ನುತ್ತೀರಿ. ಇದೆ, ಆದರೆ ಜೀವದ ಪ್ರಶ್ನೆ ಬಂದಾಗ ಅದನ್ನೇ ನೆಚ್ಚಬೇಡಿ ಎಂದು ತಯಾರಕರೇ ಬರೆದಿದ್ದಾರೆ.

ಪ್ರಶ್ನೆಗಳಿಗೆ ಹೊರಗೆ ಮೇಜಿನ ಹತ್ತಿರ ಇರುತ್ತೇನೆ. ಫೋನ್ ತರುವವರು ಜೊತೆಗೆ ಕರೆ ಮಾಡುವವರೊಬ್ಬರನ್ನೂ ಕರೆತನ್ನಿ, ಇಲ್ಲದಿದ್ದರೆ ಪರೀಕ್ಷೆ ಆಗುವುದಿಲ್ಲ.