ಟಪಾಲು ಕಾಕಾಗೆ ಒಂದು ಗೀಗೀ ಪದ | ವಿಜಯಪುರ ವ್ಲಾಗ್

ನಮಸ್ಕಾರ್ರೀ ಎಲ್ಲರಿಗೂ. ಹಿಂದೆ ಕಾಣ್ತಿರೋದು ನಮ್ಮ ಆಫೀಸು, ಯಾವ ಇಲಾಖೆ ಅಂತ ಕೇಳಬೇಡಿ. ಇವತ್ತು ಮೇ 31. ಟಪಾಲು ಸೆಕ್ಷನ್ನಿನ ಕಾಕಾ ರಿಟೈರ್ ಆಗ್ತಿದ್ದಾರೆ, ಅವರಿಗೊಂದು ಹಾಡು ಕಟ್ಟಿದ್ದೇವೆ.

ಮೇ 31 ಅಂದರೆ ಸರ್ಕಾರಿ ಆಫೀಸುಗಳಲ್ಲಿ ಹಾರ ಮಾರುವವರಿಗೆ ಸುಗ್ಗಿ. ಹಿಂದೆಲ್ಲ ಹುಟ್ಟಿದ ತಾರೀಖು ಗೊತ್ತಿಲ್ಲದ ಹುಡುಗರಿಗೆ ಶಾಲೆಯಲ್ಲಿ ಮಾಸ್ತರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ಒಂದನೇ ತಾರೀಖು ಹುಟ್ಟಿದವರು 60 ತುಂಬುವಾಗ ಹಿಂದಿನ ತಿಂಗಳ ಕೊನೇ ದಿನಕ್ಕೇ ಮನೆಗೆ. ಕಾಕಾದೂ ಅದೇ ಕಥೆ. ಮೊದಲ ನುಡಿ ಅಲ್ಲಿಂದಲೇ ಹುಟ್ಟಿತು, ಕೇಳಿ:

ಜೋಳಾದ ಸುಗ್ಗ್ಯಾಗ ಹಡೆದಾಳ ನಿಮ್ಮವ್ವ
ಸಾಲ್ಯಾಗ ಜೂನು ಒಂದಂತ ಬರೆದಾರ
ಮಾಸ್ತಾರ ಕೊಟ್ಟ ಜನುಮಾವ

ಇದು ತ್ರಿಪದಿ. ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಮಟ್ಟು. ಮೊದಲೆರಡು ಸಾಲಿಗೆ ಅಕ್ಷರಗಳ ನಾಲ್ಕು ನಾಲ್ಕು ಗುಂಪು, ಮೂರನೆಯದಕ್ಕೆ ಮೂರು. ಮೊದಲಿಂದ ಎಣಿಸಿದರೆ ಆರನೇ ಗುಂಪು, ಹತ್ತನೇ ಗುಂಪು ಗಿಡ್ಡ ಇರಬೇಕು. 'ಜೂನು', 'ಕೊಟ್ಟ', ಅಲ್ಲಿ ಚೂರು ತಡೆದ ಹಾಗೆ ಆಗುತ್ತದಲ್ವಾ, ಮಜಾ ಇರೋದೇ ಅಲ್ಲಿ. ನಮ್ಮ ಎಸ್‌ಡಿಎ ಹುಡುಗ ಮೊದಲು 'ವಯೋನಿವೃತ್ತಿಯ ಶುಭಕಾಮನೆಗಳು' ಅಂತ ಶುರು ಮಾಡಿದ್ದ. ಹಾಡೋಕೆ ಹೋದರೆ ಆರ್ಡರ್ ಓದಿದ ಹಾಗಾಯಿತು. 'ಜೋಳದ' ಅನ್ನೋದನ್ನು 'ಜೋಳಾದ' ಅಂತ ಎಳೆಯಬಹುದು, 'ವಯೋನಿವೃತ್ತಿ'ಯನ್ನು ಎಲ್ಲಿ ಅಂತ ಎಳೆಯೋದು?

ನುಡಿ ಮುಗಿದ ಮೇಲೆ 'ಗೀಯ ಗೀಯ ಗಾ ಗೀಯ ಗೀಯ' ಅಂತ ಹಿಮ್ಮೇಳ. ಬೀಸುವ ಪದಕ್ಕೆ ಗೀಗೀ ಅಂಟಿಸಿದ್ದಕ್ಕೆ ನಿಜವಾದ ಮೇಳದವರು ಬೈಯಬಹುದು, ಬೈಯಲಿ. ಹಾಡೋಕೆ ಬಾರದ ಇಡೀ ಆಫೀಸಿಗೆ ಇದೊಂದು ಸಾಲು ಸಾಕು.

ಇಲ್ಲಿ ನೋಡಿ, ಇದೇ ಡಪ್ಪು. ನಿನ್ನೆ ಸಂಜೆ ಮಳೆ ಬಂತು, ನಾನೂ ಖುಷಿಯಾಗಿ ರೀಲ್ ಮಾಡಿದೆ. ಬೆಳಿಗ್ಗೆ ಡಪ್ಪು ಬಾರಿಸಿದರೆ 'ಧಬ್' ಅಂತ ಒದ್ದೆ ಗೋಣಿಚೀಲ ಬಡಿದ ಸದ್ದು! ಚರ್ಮ ತೇವ ಎಳೆದುಕೊಂಡು ಸಡಿಲಾಗಿದೆ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಇದಕ್ಕೆ ಬೆಂಕಿಯೇ ಮದ್ದು. ಕ್ಯಾಂಟೀನ್ ಗ್ಯಾಸ್ ಮೇಲೆ ಹಿಡಿದರೆ ಒಂದೇ ಕಡೆ ಕಾದು ಚರ್ಮ ಬಿರಿಯುತ್ತದೆ ಅಂತ ಡಪ್ಪು ಕೊಟ್ಟ ಅಣ್ಣ ಫೋನಿನಲ್ಲೇ ಬೈದರು. ಹರಡಿದ ಉರಿ ಬೇಕು. ಹಿತ್ತಲಿಗೆ ಹೋದೆವು. ಅಲ್ಲಿ ಹಳೇ ಫೈಲುಗಳ ಗುಡ್ಡವೇ ಇದೆ, ಆದರೆ ಮುಟ್ಟೋ ಹಾಗಿಲ್ಲ, ಹಳೇ ಕಾಗದ ನಾಶ ಮಾಡೋಕೂ ಆರ್ಡರ್ ಬೇಕು! ಕೊನೆಗೆ ಡ್ರೈವರ್ ಮಾಮಾ ಎಲ್ಲಿಂದಲೋ ಒಂದು ಹೊರೆ ಜೋಳದ ಕಣಿಕೆ ತಂದರು. ಉರಿಯಿಂದ ಒಂದು ಮೊಳ ದೂರ ಹಿಡಿದು, ಸುತ್ತಲೂ ತಿರುಗಿಸುತ್ತಾ, ನಡುನಡುವೆ ಬೆರಳಲ್ಲಿ ತಟ್ಟಿ ನೋಡೋದು. 'ಧಬ್' ಹೋಗಿ 'ಠಣ್' ಬಂದರೆ ಸಾಕು, ಇನ್ನೂ ಕಾಯಿಸಿದರೆ ಹರಿಯುತ್ತದೆ. ಬಂತು! ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಮೇಡಂ ಕಿಟಕಿಯಿಂದ, "ಏನ್ರೀ ಅದು, ರೆಕಾರ್ಡ್ ರೂಮ್ ಪಕ್ಕ ಬೆಂಕಿ!" ಅವರಿಗೆ ಸಮಾಧಾನ ಹೇಳಿ, ಬೆಂಕಿ ಆರಿಸಿ ಒಳಗೆ ಬರೋ ಹೊತ್ತಿಗೆ ಡಪ್ಪು ಮತ್ತೆ ಧಬ್. ಈ ಹವಾದಲ್ಲಿ ಬಿಗಿ ಜಾಸ್ತಿ ಹೊತ್ತು ನಿಲ್ಲಲ್ಲ. ಮತ್ತೆ ಕಣಿಕೆ, ಮತ್ತೆ ಮೇಡಂ. ಕರೋಕೆ ಹಾಕೋರೆಲ್ಲ ಸೋಮಾರಿಗಳು ಅಂತ ಮೊನ್ನೆ ಹೇಳಿದ್ದೆ, ವಾಪಸ್ ತಗೊಂಡೆ.

ಹಾಂ, ಹಾಡು. ಕಾಕಾನ ಮನೆಯವರು, ಮೊಮ್ಮಕ್ಕಳು ಮುಂದಿನ ಸಾಲಲ್ಲೇ ಕೂತಿದ್ದಾರೆ. ಹಾಗಾಗಿ ಕಾಕಾ ತಾವೇ ಹೇಳಿಕೊಂಡು ನಗೋ ವಿಷಯ ಮಾತ್ರ ಹಾಡಿನಲ್ಲಿದೆ. ಊಟದ ಮೇಲಿನ ನಿದ್ದೆ ಬಗ್ಗೆ ಒಂದು ಭಾರೀ ನುಡಿ ಇತ್ತು, ತೆಗೆದೆವು. ಅವರ ಪೆನ್ಷನ್ ಫೈಲು ಇನ್ನೂ ಸಾಹೇಬರ ಟೇಬಲ್ ಮೇಲಿದೆ, ಸಾಹೇಬರೂ ಎದುರಿಗೇ ಕೂತಿದ್ದಾರೆ. ಅದರ ಬದಲು ಇದು:

ಅಲ್ಮಾರಿ ತೆಗೆಯಾಕ ಕೀಲೀಯ ಹಂಗಿಲ್ಲ
ಮೊಣಕಾಲ ಪೆಟ್ಟು ಕಾಕಾಂದ ಬಿದ್ರಾಯ್ತ
ಕಾಗಾದ ಹೊರಗ ಬರತಾವ

ಗೀಯ ಗೀಯ ಅನ್ನೋವಾಗ ಕಾಕಾ ಎದ್ದು ನಿಂತರು. ಅಳ್ತಾರೇನೋ ಅಂದುಕೊಂಡು ಝೂಮ್ ಮಾಡಿದೆ. "ಏ ತಮ್ಮಾ, ಮೊಣಕಾಲಲ್ಲೋ, ಮೊಣಕೈ!" ಅಂದರು. ಹಾಡು ನಿಂತಿತು. ಎಸ್‌ಡಿಎ ಹುಡುಗನ ಕೈ ಹಿಡಿದು ಅಲ್ಮಾರಿ ಹತ್ತಿರ ಕರೆದುಕೊಂಡು ಹೋದರು, ಎಲ್ಲಿ ಗುದ್ದಬೇಕು ಅಂತ ತೋರಿಸೋಕೆ. ಹುಡುಗ ಗುದ್ದಿದ, ತೆಗೆಯಲಿಲ್ಲ. ಸಾಹೇಬರೂ ಒಂದು ಕೈ ನೋಡಿದರು, ಊಹೂಂ. ಕಾಕಾ ಸುಮ್ನೆ ಒಮ್ಮೆ ತಾಗಿಸಿದರು ಅಷ್ಟೇ, ಬಾಗಿಲು ಢಣ್ ಅಂತ ತೆರೀತು. ಸರಿ, 'ಮೊಣಕೈಯಿ ಪೆಟ್ಟು' ಅಂತ ತಿದ್ದಿ ಮತ್ತೆ ಮೊದಲಿಂದ ಹಾಡಬೇಕಂತೆ, ಡಪ್ಪು ಇನ್ನೊಮ್ಮೆ ಕಾಯಿಸಬೇಕು, ಮೇಡಂ ಆಗಲೇ ಕಿಟಕಿ ಹತ್ತಿರ ನಿಂತಿದ್ದಾರೆ, ಬರ್ತೀನ್ರೀ.