ಹಾವು ಕಚ್ಚಿದರೆ: ಆರೋಗ್ಯ ಕೇಂದ್ರದ ಗೋಡೆಗೆ ಒಂದು ಪೋಸ್ಟರ್

ಕೇಳುಗರಿಗೆಲ್ಲ ನಮಸ್ಕಾರ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಹಾವು ಕಡಿತದ ಬಗ್ಗೆ ಏನು ಬರೆದಿರಬೇಕು, ಯಾಕೆ ಹಾಗೆ ಬರೆಯಬೇಕು ಅನ್ನುವುದನ್ನು ಇವತ್ತು ಹೇಳುತ್ತೇನೆ. ಪೋಸ್ಟರಿನ ಒಂದೊಂದೇ ಸಾಲು ಓದುತ್ತಾ ಹೋಗುತ್ತೇನೆ.

ಮೊದಲ ಸಾಲು, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ: "108ಕ್ಕೆ ಫೋನ್ ಮಾಡಿ. ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಕೈಯೋ ಕಾಲೋ ಅಲ್ಲಾಡದಂತೆ ರೊಟ್ಟು ಇಟ್ಟು ಬಟ್ಟೆ ಸುತ್ತಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ." ಮಾಡಬಾರದ್ದರ ಪಟ್ಟಿ ಮೊದಲು ಬೇಡ. ಗಾಬರಿಯಲ್ಲಿರುವವರಿಗೆ ಮಾಡಲು ಒಂದು ಕೆಲಸ ಬೇಕು. ಮೂಳೆ ಮುರಿದಾಗ ಮಾಡುವಂತೆಯೇ ಕಟ್ಟಬೇಕು, ಆದರೆ ಸಡಿಲವಾಗಿ. ನಡೆದರೆ ಸ್ನಾಯುಗಳು ಹಿಂಡಿ ವಿಷವನ್ನು ಮೇಲಕ್ಕೆ ತಳ್ಳುತ್ತವೆ. ಬಾವು ಬಂದ ಮೇಲೆ ಉಂಗುರ ತೆಗೆಯಲು ಆಗುವುದಿಲ್ಲ.

ಎರಡನೆಯ ಸಾಲು ಹಗ್ಗದ್ದು. "ಹಗ್ಗ, ತಂತಿ ಬಿಗಿಯಬೇಡಿ. ಆಗಲೇ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ." ಎರಡನೇ ಮಾತು ಕೇಳಿ ಕೆಲವರಿಗೆ ಗೊಂದಲವಾಗುತ್ತದೆ. ಬಿಗಿ ಕಟ್ಟಿದರೆ ರಕ್ತ ಓಡಾಡದೆ ಬೆರಳು, ಪಾದ ಕೊಳೆಯುತ್ತವೆ. ಕೊಳಕುಮಂಡಲದ ವಿಷ ಮೊದಲೇ ಮಾಂಸವನ್ನು ಹಾಳುಮಾಡುತ್ತದೆ, ಹಗ್ಗ ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ. ಆದರೆ ಕಟ್ಟಿಯಾದ ಮೇಲೆ ಒಮ್ಮೆಲೇ ಬಿಚ್ಚಿದರೆ ಕೆಳಗೆ ನಿಂತಿದ್ದ ವಿಷ ಒಟ್ಟಿಗೆ ಮೈಗೆ ನುಗ್ಗಬಹುದು, ಉಸಿರು ನಿಲ್ಲಬಹುದು. ಅದಕ್ಕೇ ಕೇಂದ್ರದಲ್ಲಿ ಸೂಜಿ ಹಾಕಿ, ಔಷಧಿ ಕೈಗೆ ಸಿಗುವಂತೆ ಇಟ್ಟುಕೊಂಡು, ಆಮೇಲೆ ನಿಧಾನವಾಗಿ ಸಡಿಲಿಸಬೇಕು.

ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಗಾಯಕ್ಕೆ ಕೋಳಿಮರಿ ಹಿಡಿಯುವುದು, ವಿಷದ ಕಲ್ಲು ಅಂಟಿಸುವುದು, ಇವೆಲ್ಲಕ್ಕೂ ಸೇರಿ ಒಂದೇ ಸಾಲು ಸಾಕು: "ಗಾಯ ಮುಟ್ಟಬೇಡಿ." ವಿಷ ಗಾಯದಲ್ಲಿ ಕೂತಿರುವುದಿಲ್ಲ, ಹೀರಿದರೆ ಬರುವುದು ರಕ್ತ ಮಾತ್ರ. ಕೊಳಕುಮಂಡಲದ ವಿಷ ಏರಿದವರಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಕೊಯ್ದ ಜಾಗ ಸುರಿಯುತ್ತಲೇ ಇರುತ್ತದೆ.

ಮಂತ್ರ ಹಾಕುವವರ ಬಗ್ಗೆ ಪೋಸ್ಟರಿನಲ್ಲಿ ಬೈಗುಳ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವರ ಹತ್ತಿರ ಹೋಗಿ ಉಳಿದವರು ನಿಜವಾಗಿಯೂ ಊರಲ್ಲಿದ್ದಾರೆ. ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವು ಕೂಡ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಏನೂ ಮಾಡದಿದ್ದರೂ ಬದುಕುತ್ತಿದ್ದರು. ಆದ್ದರಿಂದ ಹೀಗೆ ಬರೆಯೋಣ: "ಯಾರ ಹತ್ತಿರ ಹೋಗುವುದಿದ್ದರೂ ಮೊದಲು ಆಸ್ಪತ್ರೆಗೆ ಬನ್ನಿ. ವಿಷ ಏರಿಲ್ಲವಾದರೆ 24 ಗಂಟೆ ನೋಡಿ ಕಳಿಸುತ್ತೇವೆ." ಸುಮ್ನೆ ಹೆದರಿಸುವುದಕ್ಕಿಂತ ಇದು ಜನರನ್ನು ಬೇಗ ಕರೆತರುತ್ತದೆ.

"ಹಾವನ್ನು ಕೊಂದು ತರಬೇಡಿ" ಅನ್ನುವುದು ಮುಂದಿನ ಸಾಲು. ಹುಡುಕುತ್ತಾ ಹೊತ್ತು ಹೋಗುತ್ತದೆ, ಇನ್ನೊಬ್ಬರಿಗೂ ಕಚ್ಚುತ್ತದೆ. ಕತ್ತರಿಸಿದ ತಲೆ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು. ನಮ್ಮಲ್ಲಿ ಸಿಗುವ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ. ಔಷಧಿ ಶುರುಮಾಡಬೇಕೋ ಬೇಡವೋ ಅನ್ನುವುದನ್ನು ವೈದ್ಯರು ಹೆಚ್ಚಾಗಿ ರೋಗಿಯ ಲಕ್ಷಣ ನೋಡಿ ತೀರ್ಮಾನಿಸುತ್ತಾರೆ.

ಈಗ ಪೋಸ್ಟರಿನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಾಲಿಗೆ ಬರುತ್ತೇನೆ. "ಕಚ್ಚಿದ ಗುರುತು ಇಲ್ಲ, ಬಾವು ಇಲ್ಲ ಅಂದರೆ ಹಾವು ಕಚ್ಚಿಲ್ಲ ಎಂದು ತಿಳಿಯಬೇಡಿ." ಇದು ಕಟ್ಟುಹಾವಿಗಾಗಿ. ಕೆಲವು ಕಡೆ ಕಡಂಬಳ ಅಂತಲೂ ಕರೆಯುತ್ತಾರೆ. ರಾತ್ರಿ ಓಡಾಡುವ ಹಾವು, ಹಲ್ಲು ತೀರಾ ಸಣ್ಣದು, ನೋವೂ ಅಷ್ಟಾಗಿ ಇರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೋಟದ ಮನೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ಮೂವತ್ತರ ಆಸುಪಾಸಿನ ವ್ಯಕ್ತಿ. ಬೆಳಗಿನ ಜಾವ 4 ಗಂಟೆಗೆ ಹೊಟ್ಟೆನೋವು, ವಾಂತಿ. ಗ್ಯಾಸ್ ಇರಬೇಕು ಅಂತ ಮನೆಯವರು ಸೋಡಾ ಕುಡಿಸುತ್ತಾರೆ. 6 ಗಂಟೆಗೆ ರೆಪ್ಪೆ ಎತ್ತಲು ಆಗುತ್ತಿಲ್ಲ. ನಿದ್ದೆಗೆಟ್ಟಿದ್ದಾನೆ ಅಂದುಕೊಳ್ಳುತ್ತಾರೆ. ಮಾತು ತೊದಲಿದಾಗ ಕೇಂದ್ರಕ್ಕೆ ತರುತ್ತಾರೆ, ಅಷ್ಟರಲ್ಲಿ 6.45.

ಕೇಂದ್ರದಲ್ಲಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡುತ್ತಾರೆ. ಒಣಗಿದ, ಹೊಸ ಗಾಜಿನ ಕೊಳವೆಗೆ 2 ಮಿಲಿ ರಕ್ತ ಹಾಕಿ, 20 ನಿಮಿಷ ಅಲ್ಲಾಡಿಸದೆ ಇಟ್ಟು, ಒಮ್ಮೆ ಬಗ್ಗಿಸಿ ನೋಡುವುದು. ಪ್ಲಾಸ್ಟಿಕ್ ಕೊಳವೆಯಾದರೆ, ಸೋಪು ಹಾಕಿ ತೊಳೆದ ಕೊಳವೆಯಾದರೆ ಫಲಿತಾಂಶ ನಂಬುವಂತಿಲ್ಲ. ಈತನ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ. ಮೋಸ ಹೋಗುವುದು ಇಲ್ಲೇ. ಈ ಪರೀಕ್ಷೆ ಮಂಡಲದ ವಿಷವನ್ನು ತೋರಿಸುತ್ತದೆ, ಕಟ್ಟುಹಾವಿನದನ್ನಲ್ಲ. ಕಟ್ಟುಹಾವಿನ ವಿಷ ನರ ಮತ್ತು ಸ್ನಾಯು ಕೂಡುವ ಜಾಗಕ್ಕೆ ಹೋಗುತ್ತದೆ. ಮೊದಲು ರೆಪ್ಪೆ, ಆಮೇಲೆ ಗಂಟಲು, ಕುತ್ತಿಗೆ, ಕೊನೆಗೆ ಉಸಿರಿನ ಸ್ನಾಯು. ಇಳಿದ ರೆಪ್ಪೆಯೇ ಇಲ್ಲಿ ಸಾಕ್ಷಿ. 20 ನಿಮಿಷ ಕಾಯದೆ ಔಷಧಿ ಶುರುಮಾಡಬೇಕು.

ಹಾಗಾಗಿ ಪೋಸ್ಟರಿನ ಎರಡನೇ ಭಾಗ ಒಳಗಿನ ಗೋಡೆಗೆ, ಸಿಬ್ಬಂದಿಗೆ. ಅದರ ಮೊದಲ ಸಾಲು: "ಲಕ್ಷಣ ಇದ್ದರೆ ಮೊದಲ ಡೋಸ್ ಇಲ್ಲೇ. ಬರಿಗೈಯಲ್ಲಿ ಕಳಿಸಬೇಡಿ." 10 ವಯಲ್ ವಿಷನಿರೋಧಕ, ಸಲೈನ್‌ನಲ್ಲಿ ಬೆರೆಸಿ, ಸುಮಾರು ಒಂದು ಗಂಟೆಯಲ್ಲಿ. ಮಗುವಿಗೂ ಅಷ್ಟೇ ವಯಲ್, ಯಾಕೆಂದರೆ ಮಗು ಅಂತ ಹಾವು ಕಡಿಮೆ ವಿಷ ಬಿಡುವುದಿಲ್ಲ. ಔಷಧಿ ಒಗ್ಗದೆ ಮೈ ಕೆಂಪಾಗಬಹುದು, ಉಬ್ಬಸ ಬರಬಹುದು, ಬಿ.ಪಿ. ಇಳಿಯಬಹುದು ಅನ್ನುವ ಹೆದರಿಕೆಗೇ ಎಷ್ಟೋ ಕಡೆ ಔಷಧಿ ಕೊಡದೆ ಮುಂದಕ್ಕೆ ಸಾಗಹಾಕುತ್ತಾರೆ. ಅದಕ್ಕೆ ಉತ್ತರ ಪಕ್ಕದಲ್ಲೇ ಬರೆದಿರಲಿ: "ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿಟ್ಟು ಔಷಧಿ ಶುರುಮಾಡಿ. ಔಷಧಿ ಒಗ್ಗದ ಗುರುತು ಕಂಡರೆ ಅಡ್ರಿನಲಿನ್ ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಮಕ್ಕಳಿಗೆ ತೂಕದ ಲೆಕ್ಕ."

ನಮ್ಮ ಉದಾಹರಣೆಯಲ್ಲಿ 7 ಗಂಟೆಗೆ ಔಷಧಿ ಇಳಿಯುತ್ತಿದೆ. 7.15ಕ್ಕೆ ದಿಂಬಿನಿಂದ ತಲೆ ಎತ್ತು ಅಂದರೆ ಆತನಿಗೆ ಆಗುತ್ತಿಲ್ಲ. ಉಸಿರು ಸೋಲುವ ಮುಂಚಿನ ಗುರುತು ಅದು. ಕಟ್ಟುಹಾವಿನಲ್ಲಿ ಔಷಧಿ ಕೊಟ್ಟರೂ ಆಗಲೇ ಕೂತ ವಿಷ ಬೇಗ ಬಿಡುವುದಿಲ್ಲ. ನರ ಚೇತರಿಸಿಕೊಳ್ಳುವ ತನಕ, ಕೆಲವರಿಗೆ ದಿನಗಟ್ಟಲೆ, ಉಸಿರನ್ನು ಯಂತ್ರ ನಡೆಸಬೇಕು. ಆದ್ದರಿಂದ ಮುಂದಿನ ಸಾಲು: "ಕಳಿಸುವ ಮುಂಚೆ ಫೋನ್ ಮಾಡಿ. ವೆಂಟಿಲೇಟರ್ ಖಾಲಿ ಇದೆಯಾ ಕೇಳಿ." ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲ ಅಂದರೆ ನೇರ ಜಿಲ್ಲಾಸ್ಪತ್ರೆಗೆ. ಕೇಳದೆ ಕಳಿಸಿದರೆ ಅಲ್ಲಿಂದ ಇನ್ನೊಂದು ಕಡೆ, ಅಲ್ಲಿಂದ ಮತ್ತೊಂದು ಕಡೆ ಅಲೆಯುತ್ತಾರೆ. ದಾರಿಯಲ್ಲೇ ಉಸಿರು ನಿಲ್ಲುತ್ತದೆ.

"ಎಡ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಕೊಡಬೇಡಿ." ಗಂಟಲು ನುಂಗುತ್ತಿಲ್ಲ, ಎಂಜಲು ಶ್ವಾಸನಾಳಕ್ಕೆ ಇಳಿಯುತ್ತದೆ. "ಆಂಬು ಬ್ಯಾಗ್ ಮತ್ತು ಅದನ್ನು ಒತ್ತಲು ಗೊತ್ತಿರುವ ಒಬ್ಬರು ಜೊತೆಗೆ ಹೋಗಬೇಕು." ಆಂಬು ಬ್ಯಾಗ್ ಅಂದರೆ ಕೈಯಿಂದ ಒತ್ತಿ ಉಸಿರು ತುಂಬುವ ಚೀಲ. ಉಸಿರು ನಿಂತರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಐದು ಸೆಕೆಂಡಿಗೆ ಒಂದು ಸಲ ಬ್ಯಾಗ್ ಒತ್ತುತ್ತಾ ಹೋಗಬೇಕು. ಆತ ಕಣ್ಣು ಬಿಡುವುದಿಲ್ಲ, ಕೈ ಆಡಿಸುವುದಿಲ್ಲ, ಹೆಣದಂತೆ ಕಾಣುತ್ತಾನೆ. ಆದರೆ ಎಲ್ಲವೂ ಕೇಳಿಸುತ್ತಿರಬಹುದು. ನಾಡಿ ನೋಡದೆ "ಹೋಗಿಬಿಟ್ಟ" ಅನ್ನಬೇಡಿ, ಬ್ಯಾಗ್ ನಿಲ್ಲಿಸಬೇಡಿ. ಹೀಗೆ ಉಸಿರು ಕೊಟ್ಟು ಆಸ್ಪತ್ರೆ ಮುಟ್ಟಿಸಿದವರು ಪೂರ್ತಿ ಗುಣವಾಗಿ ಎದ್ದು ನಡೆದುಹೋಗಬಲ್ಲರು.

ಜೊತೆಗೆ ಒಂದು ಚೀಟಿ: ಕಚ್ಚಿದ ಹೊತ್ತು ಅಥವಾ ಅನುಮಾನದ ಹೊತ್ತು, ರೆಪ್ಪೆ ಇಳಿದ ಹೊತ್ತು, ರಕ್ತ ಪರೀಕ್ಷೆಯ ಫಲಿತಾಂಶ, ಎಷ್ಟು ವಯಲ್, ಶುರುಮಾಡಿದ್ದು ಯಾವಾಗ, ಹಗ್ಗ ಕಟ್ಟಿದ್ದರೋ ಇಲ್ಲವೋ. ಇದಿಲ್ಲದಿದ್ದರೆ ಅಲ್ಲಿನ ವೈದ್ಯರು ಎರಡನೇ ಡೋಸಿನ ಲೆಕ್ಕ ಹಾಕುವುದು ಕಷ್ಟ. ಚೀಟಿಯ ನಕಲು ಕೇಂದ್ರದಲ್ಲೂ ಇರಲಿ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಪೋಸ್ಟರಿನ ಕೆಳತುದಿಯನ್ನು ಅಚ್ಚು ಹಾಕಿಸದೆ ಖಾಲಿ ಬಿಡಿ. ಹತ್ತಿರದಲ್ಲಿ ವೆಂಟಿಲೇಟರ್ ಇರುವ ಆಸ್ಪತ್ರೆಯ ಹೆಸರು, ಅಲ್ಲಿನ ತುರ್ತು ವಿಭಾಗದ ಫೋನ್ ನಂಬರನ್ನು ಆಯಾ ಕೇಂದ್ರದವರೇ ಪೆನ್ನಿನಿಂದ ಬರೆಯಲಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಆ ನಂಬರಿಗೆ ಒಮ್ಮೆ ಫೋನ್ ಮಾಡಿ, ಯಾರಾದರೂ ಎತ್ತುತ್ತಾರಾ ಅಂತ ನೋಡಲಿ. ನಮಸ್ಕಾರ.